ಹೊಸ ಎಸಿಯ ಪೈಪಿಗೆ ಎರಡು ಪರೀಕ್ಷೆ: ಮೊದಲು ನೈಟ್ರೋಜನ್, ಆಮೇಲೆ ವ್ಯಾಕ್ಯೂಮ್

ಸ್ಪ್ಲಿಟ್ ಎಸಿ ಕಾರ್ಖಾನೆಯಿಂದ ಅರ್ಧಂಬರ್ಧ ಯಂತ್ರವಾಗಿಯೇ ಮನೆಗೆ ಬರುತ್ತದೆ. ಫ್ರಿಜ್ಜಿನ ಪೈಪುಗಳನ್ನೆಲ್ಲ ಕಾರ್ಖಾನೆಯಲ್ಲೇ ಬೆಸೆದು, ಒಳಗಿನ ಗಾಳಿ ತೆಗೆದು, ಗ್ಯಾಸ್ ತುಂಬಿ ಮುಚ್ಚಿರುತ್ತಾರೆ. ಮನೆಯಲ್ಲಿ ಪ್ಲಗ್ ಚುಚ್ಚಿದರೆ ಸಾಕು. ಸ್ಪ್ಲಿಟ್ ಎಸಿಯಲ್ಲಿ ಗೋಡೆಯ ಮೇಲಿನ ಇನ್‌ಡೋರ್ ಯೂನಿಟ್ಟನ್ನೂ ಹೊರಗಿನ ಔಟ್‌ಡೋರ್ ಯೂನಿಟ್ಟನ್ನೂ ಜೋಡಿಸುವ ತಾಮ್ರದ ಪೈಪುಗಳನ್ನು ಮನೆಯಲ್ಲೇ ಅಳತೆ ಮಾಡಿ, ಕತ್ತರಿಸಿ, ಕೂಡಿಸಬೇಕು. ಕಾರ್ಖಾನೆಯಲ್ಲಿ ನಡೆಯಬೇಕಾದ ಕೊನೆಯ ಕೆಲಸ ಹೀಗೆ ಬಾಲ್ಕನಿಯಲ್ಲಿ, ತಾರಸಿಯಲ್ಲಿ, ಕೆಲವೊಮ್ಮೆ ಏಣಿಯ ಮೇಲೆ ನಿಂತು ನಡೆಯುತ್ತದೆ. ಎಸಿ ಹತ್ತು ವರ್ಷ ತಂಪು ಕೊಡುತ್ತದೋ, ಎರಡನೆಯ ಬೇಸಿಗೆಗೇ ಗ್ಯಾಸ್ ಖಾಲಿ ಎನ್ನಿಸಿಕೊಳ್ಳುತ್ತದೋ ಎಂಬುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಪೈಪುಗಳು ಎರಡು. ಒಂದೂವರೆ ಟನ್ ಎಸಿಯಲ್ಲಿ ಸಾಮಾನ್ಯವಾಗಿ ಕಾಲು ಇಂಚಿನದೊಂದು, ಅರ್ಧ ಇಂಚಿನದೊಂದು. ಸಣ್ಣದರಲ್ಲಿ ದ್ರವರೂಪದ ಗ್ಯಾಸ್ ಒಳಗೆ ಹೋಗುತ್ತದೆ. ದಪ್ಪ ಪೈಪಿನಲ್ಲಿ ಆವಿಯಾಗಿ ಕಂಪ್ರೆಸರ್‌ಗೆ ಮರಳುತ್ತದೆ. ಪ್ರತಿ ಪೈಪಿನ ಎರಡೂ ತುದಿಯನ್ನು ಗಂಟೆಯ ಬಾಯಿಯಂತೆ ಅಗಲಿಸಿ, ಹಿತ್ತಾಳೆಯ ನಟ್ಟಿನಿಂದ ಬಿಗಿಯುತ್ತಾರೆ. ಇದನ್ನು ಫ್ಲೇರ್ ಜೋಡಣೆ ಎನ್ನುತ್ತಾರೆ. ಇಂಥ ನಾಲ್ಕು ಜೋಡಣೆಗಳಾಗುತ್ತವೆ: ಒಳಗೆ ಎರಡು, ಹೊರಗೆ ಎರಡು. ಗ್ಯಾಸ್ ಮಾತ್ರ ಇನ್ನೂ ಪೈಪಿಗೆ ಬಂದಿರುವುದಿಲ್ಲ. ಕಾರ್ಖಾನೆಯಲ್ಲಿ ತುಂಬಿದ ಗ್ಯಾಸೆಲ್ಲ ಔಟ್‌ಡೋರ್ ಯೂನಿಟ್ಟಿನಲ್ಲಿ, ಮುಚ್ಚಿದ ಎರಡು ವಾಲ್ವುಗಳ ಹಿಂದೆ ಇರುತ್ತದೆ. ವಾಲ್ವಿನ ಈಚೆಗೆ, ಅಂದರೆ ಪೈಪಿನಲ್ಲೂ ಇನ್‌ಡೋರ್ ಯೂನಿಟ್ಟಿನ ಸುರುಳಿಯಲ್ಲೂ, ಈಗ ಇರುವುದು ಆ ಊರಿನ ಗಾಳಿ ಮತ್ತು ಆ ಗಾಳಿಯ ತೇವ.

ಈ ಎರಡೂ ಒಳಗೆ ಉಳಿಯಬಾರದು. ಗಾಳಿ ಎಸಿಯೊಳಗಿನ ಒತ್ತಡದಲ್ಲಿ ದ್ರವವಾಗುವುದಿಲ್ಲ. ಅದು ಹೊರಗಿನ ಸುರುಳಿಯಲ್ಲಿ ಸೇರಿಕೊಂಡು ಗ್ಯಾಸಿನ ಜಾಗ ಹಿಡಿಯುತ್ತದೆ, ಒತ್ತಡ ಏರಿಸುತ್ತದೆ. ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆದು ಕಡಿಮೆ ತಂಪು ಕೊಡುತ್ತದೆ. ನೀರಿನಂಶದ ಕೇಡು ನಿಧಾನದ್ದು, ಆದರೆ ಹೆಚ್ಚು ಆಳದ್ದು. ಈಗಿನ ಆರ್-32, ಆರ್-410ಎ ಗ್ಯಾಸಿನ ಎಸಿಗಳ ಕಂಪ್ರೆಸರ್‌ಗಳಲ್ಲಿ ಹೆಚ್ಚಾಗಿ ಎಸ್ಟರ್ ಜಾತಿಯ ಎಣ್ಣೆ ಇರುತ್ತದೆ. ಅದು ನೀರನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಬಿಸಿಯಲ್ಲಿ ನೀರಿನೊಂದಿಗೆ ಸೇರಿ ಒಡೆದು ಆಮ್ಲವಾಗುತ್ತದೆ. ಆಮ್ಲ ಮೋಟರಿನ ತಂತಿಯ ಮೇಲಿನ ಲೇಪವನ್ನು ತಿನ್ನುತ್ತದೆ. ಮೂರು ವರ್ಷಕ್ಕೆ ಕಂಪ್ರೆಸರ್ ಸುಟ್ಟರೆ ಎಲ್ಲರೂ ವೋಲ್ಟೇಜನ್ನು ದೂರುತ್ತಾರೆ. ಅಳವಡಿಸಿದ ದಿನ ಪೈಪಿನಲ್ಲಿ ಉಳಿದ ತೇವ ಯಾರ ನೆನಪಿಗೂ ಬರುವುದಿಲ್ಲ.

ಆದ್ದರಿಂದ ವಾಲ್ವು ತೆರೆಯುವ ಮೊದಲು ಎರಡು ಪ್ರಶ್ನೆಗೆ ಉತ್ತರ ಸಿಗಬೇಕು. ಒಳಗಿನದು ಹೊರಗೆ ಸೋರುತ್ತದೆಯೇ? ಒಳಗೆ ಇರಬಾರದ್ದು ಏನಾದರೂ ಉಳಿದಿದೆಯೇ? ಮೊದಲನೆಯದಕ್ಕೆ ಉತ್ತರ ಹೇಳುವುದು ನೈಟ್ರೋಜನ್ ಒತ್ತಡ, ಎರಡನೆಯದಕ್ಕೆ ವ್ಯಾಕ್ಯೂಮ್. ಒಂದನ್ನು ಮಾಡಿ ಇನ್ನೊಂದನ್ನು ಬಿಡಬಹುದು ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. "ವ್ಯಾಕ್ಯೂಮ್ ನಿಂತಿತು, ಹಾಗಾಗಿ ಲೀಕ್ ಇಲ್ಲ" ಎಂಬ ಮಾತನ್ನೇ ತೆಗೆದುಕೊಂಡರೆ, ವ್ಯಾಕ್ಯೂಮಿನಲ್ಲಿ ಒಳಗೂ ಹೊರಗೂ ಇರುವ ಒತ್ತಡದ ಅಂತರ ಒಂದು ವಾತಾವರಣದಷ್ಟು ಮಾತ್ರ, ಸುಮಾರು 14 ಪಿಎಸ್‌ಐ. ಆರ್-32 ಗ್ಯಾಸ್ ತುಂಬಿದ ಎಸಿ 35 ಡಿಗ್ರಿ ಬಿಸಿಲಲ್ಲಿ ಆಫ್ ಆಗಿ ಸುಮ್ಮನೆ ನಿಂತಿದ್ದರೂ ಒಳಗಿನ ಒತ್ತಡ ಸುಮಾರು 300 ಪಿಎಸ್‌ಐ ಇರುತ್ತದೆ. ಅದೂ ಒಳಗಿನಿಂದ ಹೊರಕ್ಕೆ ತಳ್ಳುವ ಒತ್ತಡ. ವ್ಯಾಕ್ಯೂಮಿನಲ್ಲಿ ತಳ್ಳುವುದು ಹೊರಗಿನಿಂದ ಒಳಕ್ಕೆ. 14 ಪಿಎಸ್‌ಐಗೆ ತಡೆದು ನಿಂತ ಸಂದು 300ಕ್ಕೆ ನಿಲ್ಲುತ್ತದೆಂದು ಹೇಳುವಂತಿಲ್ಲ.

ನೈಟ್ರೋಜನನ್ನೇ ಆರಿಸಿಕೊಳ್ಳಲು ಕಾರಣ ಅದು ಒಣಗಿದ್ದು, ಅಗ್ಗವಾದದ್ದು, ಯಾವುದರೊಂದಿಗೂ ಸುಲಭವಾಗಿ ಕೂಡದ್ದು. ವೆಲ್ಡಿಂಗ್ ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಸಿಗುವ ಆಕ್ಸಿಜನ್ ಸಿಲಿಂಡರನ್ನು ಈ ಕೆಲಸಕ್ಕೆ ಎಂದೂ ಬಳಸಬಾರದು. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಸಿಡಿಯುತ್ತದೆ, ಜೀವಹಾನಿಯಾಗುತ್ತದೆ. ಕಂಪ್ರೆಸರ್‌ನಿಂದ ಹಿಡಿದ ಮಾಮೂಲಿ ಗಾಳಿಯೂ ಬೇಡ. ಅದರಲ್ಲಿ ತೇವವಿದೆ, ಆಕ್ಸಿಜನ್ನೂ ಇದೆ. ನೈಟ್ರೋಜನ್ ಸಿಲಿಂಡರಿನ ಒಳಗೆ ಒತ್ತಡ ಸುಮಾರು 2000 ಪಿಎಸ್‌ಐವರೆಗೂ ಇರುವುದರಿಂದ ರೆಗ್ಯುಲೇಟರ್ ಇಲ್ಲದೆ ಅದನ್ನು ಪೈಪಿಗೆ ಜೋಡಿಸುವುದು ಅಪಾಯ. ರೆಗ್ಯುಲೇಟರ್ ತರದ ಮೆಕ್ಯಾನಿಕ್ಕನ್ನು ಅಲ್ಲೇ ತಡೆಯುವುದು ಒಳ್ಳೆಯದು.

ಔಟ್‌ಡೋರ್ ಯೂನಿಟ್ಟಿನ ದಪ್ಪ ಪೈಪಿನ ವಾಲ್ವಿಗೆ ಪಕ್ಕದಲ್ಲೊಂದು ಸಣ್ಣ ಮೂತಿ ಇರುತ್ತದೆ, ಸರ್ವಿಸ್ ಪೋರ್ಟ್. ವಾಲ್ವು ಮುಚ್ಚಿದ್ದಾಗ ಈ ಮೂತಿ ಪೈಪಿನ ಕಡೆಗೆ ತೆರೆದಿರುತ್ತದೆ. ಇಲ್ಲಿಂದ ಒಳಹೋದ ನೈಟ್ರೋಜನ್ ದಪ್ಪ ಪೈಪು, ಒಳಗಿನ ಸುರುಳಿ, ಸಣ್ಣ ಪೈಪು ಹೀಗೆ ಸುತ್ತಿ ಇನ್ನೊಂದು ಮುಚ್ಚಿದ ವಾಲ್ವಿನವರೆಗೆ ತಲುಪುತ್ತದೆ. ನಾಲ್ಕೂ ಜೋಡಣೆಗಳು ಪರೀಕ್ಷೆಗೆ ಒಳಪಡುತ್ತವೆ. ಒತ್ತಡವನ್ನು ಒಮ್ಮೆಲೇ ಏರಿಸಬಾರದು. ಮೊದಲು 100ರ ಆಸುಪಾಸಿಗೆ ತಂದು ಕೆಲವು ನಿಮಿಷ ನಿಲ್ಲಿಸಿದರೆ ದೊಡ್ಡ ಸೋರಿಕೆಗಳು ಸದ್ದಿನಿಂದಲೇ ಗೊತ್ತಾಗುತ್ತವೆ. ಆಮೇಲೆ 200, ಆಮೇಲೆ ಪರೀಕ್ಷೆಯ ಒತ್ತಡ. ಅದು ಎಷ್ಟಿರಬೇಕೆಂದು ಕಂಪನಿಯ ಅಳವಡಿಕೆ ಪುಸ್ತಕದಲ್ಲಿ ಇರುತ್ತದೆ. ಯೂನಿಟ್ಟಿನ ಪಟ್ಟಿಯ ಮೇಲೆ ಬರೆದ ಗರಿಷ್ಠ ಒತ್ತಡವನ್ನು ಯಾವ ಕಾರಣಕ್ಕೂ ಮೀರಬಾರದು. ಆರ್-32 ಯಂತ್ರಗಳನ್ನು ಮನೆಗಳಲ್ಲಿ 400 ಪಿಎಸ್‌ಐ ಆಸುಪಾಸಿನಲ್ಲಿ ಪರೀಕ್ಷಿಸುವುದು ರೂಢಿ. ಇನ್ನೊಂದು ಮಾತು: ಪರೀಕ್ಷೆ ಮುಗಿಯುವವರೆಗೆ ಜೋಡಣೆಗಳ ಮೇಲೆ ಇನ್ಸುಲೇಶನ್ ಹೊದಿಸಿ ಟೇಪು ಸುತ್ತಬಾರದು. ಸುತ್ತಿಬಿಟ್ಟರೆ ಗೇಜು ಸೋರಿಕೆಯಿದೆ ಎಂದು ಹೇಳಿದರೂ ಎಲ್ಲಿ ಎಂದು ಹುಡುಕುವವರು ಯಾರೂ ಇರುವುದಿಲ್ಲ.

ಇಲ್ಲಿ ಮುಳ್ಳನ್ನು ಓದುವುದು ಅಂದುಕೊಂಡಷ್ಟು ಸುಲಭವಲ್ಲ, ಯಾಕೆಂದರೆ ಉಷ್ಣತೆ ಇಳಿದರೆ ಸೋರಿಕೆ ಇಲ್ಲದೆಯೂ ಒತ್ತಡ ಇಳಿಯುತ್ತದೆ. ಮಂಗಳೂರಿನ ಒಂದು ಮನೆ, ಮೇ ಕೊನೆಯ ವಾರ, ಒಂದೂವರೆ ಟನ್ನಿನ ಆರ್-32 ಎಸಿ, ನಾಲ್ಕು ಮೀಟರ್ ಪೈಪು ಎಂದಿಟ್ಟುಕೊಳ್ಳೋಣ. ಮಧ್ಯಾಹ್ನ 33 ಡಿಗ್ರಿಯಲ್ಲಿ ನೈಟ್ರೋಜನ್ 400 ಪಿಎಸ್‌ಐಗೆ ತುಂಬಿ ಸಿಲಿಂಡರ್ ಮುಚ್ಚಿದ್ದಾರೆ. ಅಷ್ಟರಲ್ಲಿ ಮಳೆ ಹೊಡೆಯಿತು. ಒಂದು ಗಂಟೆಯ ಮೇಲೆ ನೋಡಿದರೆ ಹವೆ 26 ಡಿಗ್ರಿಗೆ ಇಳಿದಿದೆ, ಗೇಜು 378 ತೋರಿಸುತ್ತಿದೆ. ತಂಪಾದದ್ದರಿಂದ ಇಳಿಯಿತು ಎಂದು ಕೈತೊಳೆದುಕೊಳ್ಳುವುದು ಇಂಥ ಹೊತ್ತಿನಲ್ಲೇ.

ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಮುಚ್ಚಿದ ಪಾತ್ರೆಯ ಅನಿಲದ ಒತ್ತಡ ಅದರ ಪರಮ ಉಷ್ಣತೆಗೆ ತಕ್ಕಂತೆ ಏರಿಳಿಯುತ್ತದೆ. ಪರಮ ಉಷ್ಣತೆ ತಿಳಿಯಲು ಡಿಗ್ರಿಗೆ 273 ಕೂಡಿಸಬೇಕು. ಪರಮ ಒತ್ತಡಕ್ಕೆ ಗೇಜಿನ ಅಂಕಿಗೆ ವಾತಾವರಣದ ಸುಮಾರು 15 ಪಿಎಸ್‌ಐ ಕೂಡಿಸಬೇಕು. ಆರಂಭದ 415ನ್ನು 306ರಿಂದ ಭಾಗಿಸಿ 299ರಿಂದ ಗುಣಿಸಿದರೆ 405 ಬರುತ್ತದೆ. 15 ಕಳೆದರೆ ಗೇಜಿನ ಮೇಲೆ 390. ಅಂದರೆ ಮಳೆಯ ತಂಪು ಇಳಿಸಬಲ್ಲದ್ದು 10 ಪಿಎಸ್‌ಐ ಮಾತ್ರ. ಇಳಿದದ್ದು 22. ಉಳಿದ 12 ಎಲ್ಲಿಗೋ ಹೋಗಿದೆ. 400ರ ಆಸುಪಾಸಿನಲ್ಲಿ ಒಂದು ಡಿಗ್ರಿಗೆ ಸುಮಾರು ಒಂದೂಕಾಲರಿಂದ ಒಂದೂವರೆ ಪಿಎಸ್‌ಐ ಎಂದು ಇಟ್ಟುಕೊಂಡರೆ ಕಾಗದ ಪೆನ್ನಿಲ್ಲದೆಯೂ ಈ ಲೆಕ್ಕ ಆಗುತ್ತದೆ.

ಎಲ್ಲಿ ಎಂಬುದಕ್ಕೆ ಸೋಪಿನ ನೊರೆ. ಗಟ್ಟಿಯಾಗಿ ಕಲಸಿದ ಸೋಪಿನ ನೀರನ್ನು ನಾಲ್ಕೂ ನಟ್ಟುಗಳ ಸುತ್ತ, ಅವುಗಳ ಹಿಂಭಾಗದಲ್ಲಿ ಪೈಪು ಹೊರಬರುವ ಕಡೆಯೂ, ಹಚ್ಚಿ ಕೆಲವು ನಿಮಿಷ ಕಾಯಬೇಕು. ಸಣ್ಣ ಸೋರಿಕೆಯ ಗುಳ್ಳೆ ತಕ್ಷಣ ಏಳುವುದಿಲ್ಲ. ಸಾಸಿವೆ ಕಾಳಿನಷ್ಟು ನೊರೆ ಮೆಲ್ಲಗೆ ಕೂಡುತ್ತದೆ. ಮಂಗಳೂರಿನ ಆ ಮನೆಯಲ್ಲಿ ಅದು ಒಳಗಿನ ದಪ್ಪ ಪೈಪಿನ ನಟ್ಟಿನ ಹಿಂದೆ ಕಾಣಿಸುತ್ತದೆ ಎನ್ನೋಣ. ಒತ್ತಡ ಇರುವಾಗಲೇ ಸ್ಪ್ಯಾನರ್ ಹಾಕಿ ಇನ್ನಷ್ಟು ಬಿಗಿಯುವ ಆಸೆ ಸಹಜ, ಆದರೆ ತಪ್ಪು. ನೈಟ್ರೋಜನನ್ನು ಪೂರ್ತಿ ಹೊರಬಿಟ್ಟು, ನಟ್ಟು ಬಿಚ್ಚಿ ನೋಡಬೇಕು. ಬಾಯಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಕಾಣಬಹುದು, ಅಥವಾ ಕತ್ತರಿಸಿದಾಗ ಉಳಿದ ತಾಮ್ರದ ಚೂರು ಅಡಿಯಲ್ಲಿ ಸಿಕ್ಕಿರಬಹುದು. ಸೀಳಿದ ಬಾಯಿಯನ್ನು ಎಷ್ಟು ಬಿಗಿದರೂ ಸೀಳು ಹೆಚ್ಚುತ್ತದೆಯೇ ಹೊರತು ಮುಚ್ಚುವುದಿಲ್ಲ. ತುದಿ ಕತ್ತರಿಸಿ, ಚೂರು ಒಳಗೆ ಬೀಳದಂತೆ ಪೈಪಿನ ಬಾಯಿ ಕೆಳಗೆ ಮಾಡಿ ಅಂಚು ಕೆರೆದು, ಹೊಸದಾಗಿ ಅಗಲಿಸಿ, ಟಾರ್ಕ್ ಸ್ಪ್ಯಾನರಿನಿಂದ ಕಂಪನಿ ಹೇಳಿದಷ್ಟೇ ಬಿಗಿಯಬೇಕು. ಆಮೇಲೆ ಮತ್ತೆ 400. ಪೈಪಿನಲ್ಲೂ ಸುರುಳಿಯಲ್ಲೂ ಹಿಡಿಯುವುದು ಹೆಚ್ಚೆಂದರೆ ಒಂದೆರಡು ಲೀಟರ್ ಜಾಗ; ಅದರಿಂದ ಗಂಟೆಗೆ 12 ಪಿಎಸ್‌ಐ ಎಂದರೆ ಕಣ್ಣಿಗೆ ಕಾಣದ ಸೋರಿಕೆಯೇ. ಆದರೂ ಹಾಗೇ ಬಿಟ್ಟಿದ್ದರೆ ಕಿಲೋಗಿಂತ ಕಡಿಮೆಯಿರುವ ಆ ಎಸಿಯ ಗ್ಯಾಸು ಕೆಲವು ವಾರಗಳಲ್ಲೇ ತಂಪು ಕುಸಿಯುವಷ್ಟು ಖಾಲಿಯಾಗುತ್ತಿತ್ತು.

ಮುಳ್ಳು ನಿಂತಲ್ಲೇ ನಿಂತ ಮೇಲೆ ನೈಟ್ರೋಜನನ್ನು ಬಯಲಿಗೆ ಬಿಡಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಬಿಟ್ಟರೆ ಅದು ಉಸಿರಾಡುವ ಆಕ್ಸಿಜನ್ನಿನ ಜಾಗ ಹಿಡಿಯುತ್ತದೆ. ನಂತರ ಅದೇ ಮೂತಿಗೆ ವ್ಯಾಕ್ಯೂಮ್ ಪಂಪು ಕೂಡುತ್ತದೆ.

ಪಂಪು ಗಾಳಿಯನ್ನು ಎಳೆದು ಹಾಕುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನೀರನ್ನು ಅದು ಎಳೆಯುವುದಿಲ್ಲ, ಕುದಿಸುತ್ತದೆ. ಒತ್ತಡ ಕಡಿಮೆಯಾದಂತೆ ನೀರು ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 760 ಮಿಲಿಮೀಟರ್ ಪಾದರಸ. ಅಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಒತ್ತಡವನ್ನು 24 ಮಿಲಿಮೀಟರಿಗೆ ಇಳಿಸಿದರೆ 25 ಡಿಗ್ರಿಗೇ ಕುದಿಯುತ್ತದೆ. ಪೈಪಿನ ಗೋಡೆಗೆ ಅಂಟಿದ ತೇವ ಹೀಗೆ ಕೋಣೆಯ ಬಿಸಿಗೇ ಆವಿಯಾಗಿ ಪಂಪಿನ ಮೂಲಕ ಹೊರಹೋಗುತ್ತದೆ. ಇನ್ನೂ ಕೆಳಗಿಳಿದಾಗ ಮಿಲಿಮೀಟರ್ ಸಾಲುವುದಿಲ್ಲ. ಅದರ ಸಾವಿರದಲ್ಲೊಂದು ಪಾಲನ್ನು ಮೈಕ್ರಾನ್ ಎಂದು ಕರೆದು ಅದರಲ್ಲೇ ಲೆಕ್ಕ ಹಿಡಿಯುತ್ತಾರೆ. ಗುರಿ 500 ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ. ಆ ಮಟ್ಟದಲ್ಲಿ ಒಂದು ಹನಿ ನೀರು ಆವಿಯಾದರೆ ಸುಮಾರು 100 ಲೀಟರ್ ಜಾಗ ಹಿಡಿಯುತ್ತದೆ. ಅಷ್ಟನ್ನೂ ಸಣ್ಣ ಕೊಳವೆಯ ಮೂಲಕ ಪಂಪು ಹೊರದಬ್ಬಬೇಕು. ಮಳೆಯಲ್ಲಿ ಬಾಯಿ ಮುಚ್ಚದೆ ಬಿಟ್ಟ ಪೈಪಿಗೆ ಹತ್ತು ನಿಮಿಷದ ವ್ಯಾಕ್ಯೂಮ್ ಏಕೆ ಸಾಲದು ಎಂಬುದಕ್ಕೆ ಇದೇ ಕಾರಣ.

ಇಷ್ಟು ಕೆಳಗಿನ ಒತ್ತಡವನ್ನು ಮೆಕ್ಯಾನಿಕ್‌ಗಳ ಕೈಯಲ್ಲಿರುವ ಮಾಮೂಲಿ ಮ್ಯಾನಿಫೋಲ್ಡ್ ಗೇಜು ಹೇಳಲಾರದು. ಅದರಲ್ಲಿ ಸೊನ್ನೆಯಿಂದ ಕೆಳಕ್ಕೆ 30 ಇಂಚಿನವರೆಗೆ ಗೆರೆಗಳಿರುತ್ತವೆ. 500 ಮೈಕ್ರಾನಿಗೂ 5000 ಮೈಕ್ರಾನಿಗೂ ಆ ಗೆರೆಗಳ ಮೇಲಿನ ಅಂತರ ಇಂಚಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಮುಳ್ಳಿನ ದಪ್ಪದಲ್ಲೇ ಅದು ಮುಚ್ಚಿಹೋಗುತ್ತದೆ. ಮೊದಲನೆಯದು ಒಣ ಪೈಪು, ಎರಡನೆಯದರಲ್ಲಿ ನೀರು ಇನ್ನೂ ಇರಬಹುದು. ಇನ್ನೂ ಒಂದು ತೊಡಕಿದೆ, ಅದು ಕರ್ನಾಟಕದ ಒಳನಾಡಿನವರಿಗೆ ವಿಶೇಷವಾಗಿ ತಿಳಿದಿರಬೇಕಾದದ್ದು. ಈ ಗೇಜು ಅಳೆಯುವುದು ಆ ಊರಿನ ವಾತಾವರಣಕ್ಕಿಂತ ಎಷ್ಟು ಕಡಿಮೆ ಎಂಬುದನ್ನು ಮಾತ್ರ. ಮಂಗಳೂರಿನಲ್ಲಿ ಪೂರ್ಣ ವ್ಯಾಕ್ಯೂಮ್ ಆದಾಗ ಮುಳ್ಳು 30ರ ಹತ್ತಿರ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾತಾವರಣವೇ ಸುಮಾರು 27 ಇಂಚು. ಜಗತ್ತಿನ ಅತ್ಯುತ್ತಮ ಪಂಪು ತಂದರೂ ಮುಳ್ಳು 27ರ ಆಸುಪಾಸಿನಲ್ಲಿ ನಿಲ್ಲಬೇಕು. ಬೆಂಗಳೂರಿನಲ್ಲಿ 30 ತೋರಿಸುವ ಗೇಜು ಕೆಟ್ಟ ಗೇಜು. ಮೈಕ್ರಾನ್ ಗೇಜಿಗೆ ಈ ತೊಂದರೆಯಿಲ್ಲ; ಅದು ಒಳಗೆ ಉಳಿದಿರುವುದನ್ನೇ ಅಳೆಯುತ್ತದೆ, ಊರು ಯಾವುದಾದರೂ ಒಂದೇ ಅಂಕಿ. ಅದನ್ನು ನೈಟ್ರೋಜನ್ ಪರೀಕ್ಷೆಯ ವೇಳೆ ಜೋಡಿಸಬಾರದು, ಒತ್ತಡಕ್ಕೆ ಹಾಳಾಗುತ್ತದೆ.

ಮೈಕ್ರಾನ್ ಗೇಜನ್ನು ಎಲ್ಲಿ ಹಾಕುತ್ತಾರೆ ಎಂಬುದೂ ಮುಖ್ಯ. ಪಂಪಿನ ಬಾಯಿಗೇ ಜೋಡಿಸಿದರೆ ಪಂಪಿನ ಬಳಿಯ ಒತ್ತಡ ಗೊತ್ತಾಗುತ್ತದೆ, ಪೈಪಿನದಲ್ಲ. ಯೂನಿಟ್ಟಿನ ಮೂತಿಯ ಕಡೆಗೆ ಇರಬೇಕು. ಆ ಮೂತಿಯೊಳಗೆ ಸೈಕಲ್ ಟ್ಯೂಬಿನ ವಾಲ್ವಿನಲ್ಲಿರುವಂಥ ಸಣ್ಣ ಪಿನ್ನು ಇರುತ್ತದೆ. ಗಾಳಿಯ ದಾರಿಯನ್ನು ಅದು ಬಹಳ ಕಿರಿದು ಮಾಡುತ್ತದೆ. ಪಿನ್ನನ್ನು ಒತ್ತಡ ಬಿಡದೆ ಹೊರತೆಗೆಯುವ ಉಪಕರಣ ಸಿಗುತ್ತದೆ. ಅದನ್ನು ಬಳಸಿ, ಗಿಡ್ಡದಾದ ದಪ್ಪ ಕೊಳವೆ ಹಾಕಿದರೆ ಒಂದು ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯಬಹುದು. ಪಂಪಿನ ಎಣ್ಣೆ ಹಾಲಿನಂತೆ ಬಿಳಿಚಿದ್ದರೆ ಅದರಲ್ಲಿ ನೀರು ಸೇರಿದೆ ಎಂದರ್ಥ. ಹೊಸ ಎಣ್ಣೆ ಹಾಕದೆ ಆ ಪಂಪು 500ಕ್ಕೆ ಇಳಿಯುವುದಿಲ್ಲ.

ಎಷ್ಟು ಹೊತ್ತು ಪಂಪು ಓಡಿಸಬೇಕು ಎಂಬ ಪ್ರಶ್ನೆಗೆ ಗಡಿಯಾರ ಉತ್ತರ ಹೇಳಲಾರದು. ನಿಜವಾದ ಪರೀಕ್ಷೆ ಶುರುವಾಗುವುದು ಪಂಪು ನಿಂತ ಮೇಲೆ. ಅಂಕಿ 500ಕ್ಕಿಂತ ಕೆಳಗೆ ಬಂದಾಗ ನಡುವಿನ ವಾಲ್ವನ್ನು ಮುಚ್ಚಿ, ಪಂಪು ಆರಿಸಿ, ಹತ್ತು ಹದಿನೈದು ನಿಮಿಷ ಗೇಜನ್ನು ನೋಡುತ್ತಾ ಕೂರಬೇಕು. ಅಂಕಿ ಸ್ವಲ್ಪ ಏರಿ 1000ಕ್ಕಿಂತ ಕೆಳಗೇ ನಿಂತುಬಿಟ್ಟರೆ ಪೈಪು ಒಣಗಿದೆ, ಬಿಗಿಯಾಗಿದೆ. ಏರುತ್ತಾ ಏರುತ್ತಾ ನಿಲ್ಲದೇ ಹೋದರೆ ಹೊರಗಿನ ಗಾಳಿ ನುಗ್ಗುತ್ತಿದೆ. ನೈಟ್ರೋಜನ್ ಪರೀಕ್ಷೆ ಗೆದ್ದಿದ್ದರೆ ಪೈಪಿಗಿಂತ ಮೊದಲು ಪರೀಕ್ಷೆಯ ಕೊಳವೆಗಳನ್ನು ಅನುಮಾನಿಸಬೇಕು. ಹಳೆಯ ರಬ್ಬರ್ ವಾಷರ್ ಎಷ್ಟೋ ಸಲ ಅಪರಾಧಿ. ಮೂರನೆಯ ಬಗೆ ಹೆಚ್ಚು ಸೂಕ್ಷ್ಮದ್ದು: ಅಂಕಿ ಬೇಗ ಏರಿ, ಕೆಲವು ಸಾವಿರ ಮೈಕ್ರಾನಿನಲ್ಲಿ ಎಲ್ಲೋ ಒಂದು ಕಡೆ ಸಮನಾಗಿ ನಿಲ್ಲುತ್ತದೆ. ಅದು ಸೋರಿಕೆಯಲ್ಲ. ಒಳಗೆ ಉಳಿದ ನೀರು ಆವಿಯಾಗುತ್ತಾ ಇದೆ, ತನ್ನ ಆವಿಯ ಒತ್ತಡಕ್ಕೆ ಬಂದು ನಿಂತಿದೆ.

ಮಂಗಳೂರಿನ ಮಳೆಯ ದಿನ ಮೂರನೆಯ ಬಗೆಯೇ ಎದುರಾಗುತ್ತದೆ ಎಂದಿಟ್ಟುಕೊಳ್ಳೋಣ: 480ಕ್ಕೆ ಇಳಿಸಿ ಪಂಪು ಮುಚ್ಚಿದರೆ ಐದು ನಿಮಿಷದಲ್ಲಿ 4000 ದಾಟಿ ಅಲ್ಲೇ ನಿಂತಿದೆ. ಸುಮ್ಮನೆ ಇನ್ನೊಂದು ಗಂಟೆ ಪಂಪು ಓಡಿಸುವುದಕ್ಕಿಂತ ನೈಟ್ರೋಜನನ್ನು ಮತ್ತೆ ಕರೆಯುವುದು ಲೇಸು. ಒತ್ತಡ 4600 ಮೈಕ್ರಾನಿಗಿಂತ ಕೆಳಗಿಳಿದಾಗ, ಆವಿಯಾಗುವ ನೀರು ತನ್ನ ಶಾಖವನ್ನೇ ಕಳೆದುಕೊಂಡು ಪೈಪಿನೊಳಗೆ ಮಂಜುಗಡ್ಡೆಯಾಗಬಹುದು, ಮಂಜುಗಡ್ಡೆ ಬಹಳ ನಿಧಾನ ಆವಿಯಾಗುತ್ತದೆ. ಒಣ ನೈಟ್ರೋಜನನ್ನು ಸ್ವಲ್ಪ ಒತ್ತಡಕ್ಕೆ ಒಳಬಿಟ್ಟರೆ ಅದು ಶಾಖವನ್ನೂ ಒಯ್ಯುತ್ತದೆ, ತೇವವನ್ನೂ ಬೆರೆಸಿಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟು ಅದನ್ನು ಹೊರಹಾಕಿ ಮತ್ತೆ ವ್ಯಾಕ್ಯೂಮ್ ಮಾಡಬೇಕು, ಬೇಕಾದರೆ ಇನ್ನೊಮ್ಮೆ. ಈ ಬಾರಿ 420ಕ್ಕೆ ಇಳಿದು, ಹದಿನೈದು ನಿಮಿಷಕ್ಕೆ 650ರಲ್ಲಿ ನಿಂತರೆ ಕೆಲಸ ಮುಗಿದಂತೆ.

ಆಗ ಮಾತ್ರ ಗ್ಯಾಸು. ಕೊಳವೆ ಬಿಚ್ಚುವ ಮೊದಲು ಅಲೆನ್ ಕೀಯಿಂದ ಸಣ್ಣ ಪೈಪಿನ ವಾಲ್ವನ್ನು ಸ್ವಲ್ಪವೇ ತೆರೆದು ಒಳಗೆ ವಾತಾವರಣಕ್ಕಿಂತ ಹೆಚ್ಚಿನ ಒತ್ತಡ ಬರಿಸಬೇಕು, ಮೈಕ್ರಾನ್ ಗೇಜನ್ನು ಅದಕ್ಕೂ ಮೊದಲೇ ಬೇರ್ಪಡಿಸಿರಬೇಕು. ಇಲ್ಲದಿದ್ದರೆ ಕೊಳವೆ ತೆಗೆಯುವ ಕ್ಷಣದಲ್ಲಿ ಇಷ್ಟು ಹೊತ್ತು ಹೊರಹಾಕಿದ ಗಾಳಿ ಒಂದು ಉಸಿರಿಗೆ ಮರಳಿ ಬರುತ್ತದೆ. ನಂತರ ಎರಡೂ ವಾಲ್ವುಗಳನ್ನು ಕೊನೆಯವರೆಗೆ ತೆರೆದು, ಹಿತ್ತಾಳೆಯ ಮುಚ್ಚಳಗಳನ್ನು ಬಿಗಿಯಬೇಕು. ಆ ಮುಚ್ಚಳಗಳು ಅಲಂಕಾರಕ್ಕಲ್ಲ. ವಾಲ್ವಿನ ಕಾಂಡದ ಸುತ್ತ ಸೋರುವುದನ್ನು ತಡೆಯುವ ಎರಡನೆಯ ಬಾಗಿಲು ಅವೇ. ಪೈಪಿನಲ್ಲಿ ವ್ಯಾಕ್ಯೂಮ್ ಇರುವಾಗ ಎಸಿಯನ್ನು ಆನ್ ಮಾಡಿದರೆ ಕಂಪ್ರೆಸರ್ ಕೆಡಬಹುದು.

ಇಷ್ಟೆಲ್ಲದರ ಬದಲು ನಡೆಯುವ ಅಡ್ಡದಾರಿ ಒಂದಿದೆ. ನಟ್ಟೊಂದನ್ನು ಸಡಿಲ ಬಿಟ್ಟು, ವಾಲ್ವು ಕಾಲು ಸುತ್ತು ತೆರೆದು, ಯಂತ್ರದ ಗ್ಯಾಸನ್ನೇ ಕೆಲವು ಸೆಕೆಂಡು ಬಿಟ್ಟು ಗಾಳಿ ಹೊರದೂಡುವುದು. ಎರಡು ನಿಮಿಷದಲ್ಲಿ ಮುಗಿಯುತ್ತದೆ, ಎಸಿ ತಂಪು ಕೊಡುತ್ತದೆ, ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ. ಗಾಳಿಯ ಒಂದು ಭಾಗ ಸುರುಳಿಯ ಮೂಲೆಗಳಲ್ಲಿ ಉಳಿಯುತ್ತದೆ, ಗೋಡೆಗೆ ಅಂಟಿದ ತೇವ ಅಲುಗುವುದೇ ಇಲ್ಲ, ತೂಕ ಮಾಡಿ ತುಂಬಿದ ಗ್ಯಾಸು ಎಷ್ಟು ಹೋಯಿತೆಂದು ಯಾರಿಗೂ ಲೆಕ್ಕ ಸಿಗುವುದಿಲ್ಲ. ಆರ್-32 ನಿಧಾನವಾಗಿಯಾದರೂ ಉರಿಯುವ ಅನಿಲ. ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 675 ಪಟ್ಟು. ಅದನ್ನು ಬಾಲ್ಕನಿಯಲ್ಲಿ ಬಿಡುವ ಪದ್ಧತಿಗೆ ಯಾವ ಸಮರ್ಥನೆಯೂ ಇಲ್ಲ.

ಈ ಎರಡು ಪರೀಕ್ಷೆಗಳಿಗೂ ಮಿತಿ ಇದೆ. ವಾಲ್ವಿನ ಆಚೆ, ಔಟ್‌ಡೋರ್ ಯೂನಿಟ್ಟಿನೊಳಗೆ ಕಾರ್ಖಾನೆಯ ಬೆಸುಗೆ ಸೋರುತ್ತಿದ್ದರೆ ಇವು ಹೇಳುವುದಿಲ್ಲ. ವರ್ಷಗಟ್ಟಲೆ ಅದುರಿ ಸಡಿಲವಾಗುವ ನಟ್ಟಿನ ಬಗ್ಗೆಯೂ ಹೇಳುವುದಿಲ್ಲ. ಆದ್ದರಿಂದ ಎಸಿ ಓಡಿದ ಮೇಲೆ ಸೋಪಿನ ನೊರೆಯನ್ನು ಇನ್ನೊಮ್ಮೆ ಹಚ್ಚಿ ನೋಡುವುದು ಸರಿ. ಎಸಿಯ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ವರ್ಷಕ್ಕೊಮ್ಮೆ "ಗ್ಯಾಸ್ ಹಾಕಿಸಬೇಕು" ಎನ್ನುವ ಮನೆಯಲ್ಲಿ ಎಲ್ಲೋ ಒಂದು ಜೋಡಣೆ ಸೋರುತ್ತಿದೆ ಎಂದೇ ತಿಳಿಯಬೇಕು.

ಹೊಸ ಎಸಿ ಕೂರಿಸುವ ಮನೆಯವರು ಟೇಪು ಸುತ್ತುವ ಮೊದಲು ಎರಡು ಅಂಕಿಗಳನ್ನು ಕಣ್ಣಾರೆ ನೋಡಲಿ: ನೈಟ್ರೋಜನ್ ತುಂಬಿದಾಗಿನ ಮತ್ತು ಒಂದು ಗಂಟೆಯ ನಂತರದ ಒತ್ತಡ, ಜೊತೆಗೆ ಆ ಎರಡೂ ಹೊತ್ತಿನ ಉಷ್ಣತೆ; ಹಾಗೆಯೇ ಪಂಪು ನಿಲ್ಲಿಸಿ ಹದಿನೈದು ನಿಮಿಷದ ಮೇಲಿನ ಮೈಕ್ರಾನ್. ಎರಡನ್ನೂ ವಾರಂಟಿ ಕಾರ್ಡಿನ ಹಿಂದೆ ದಿನಾಂಕ ಹಾಕಿ ಬರೆಸಿ, ಮೆಕ್ಯಾನಿಕ್ಕಿನ ಸಹಿ ಪಡೆಯಲಿ.